ಬಿಲ್ ಆಫ್ ಎಂಟ್ರಿಯಲ್ಲಿರುವ ಕೋಡ್, ಡ್ಯೂಟಿ ದರ ಓದೋದು ಹೇಗೆ?

ಪ್ರಶ್ನೆ: ಮೈಸೂರಿನಲ್ಲಿ ಊದುಬತ್ತಿ ಮಾಡ್ತೀವಿ. ಚೀನಾದಿಂದ ಬತ್ತಿ ಮಾಡೋ ಮಷಿನ್, ಜೊತೆಗೆ ಒಂದು ಡಬ್ಬ ಸ್ಪೇರ್ ಬೆಲ್ಟ್ ತರಿಸಿದೆ. ಸರಕಿಗೆ ಕೊಟ್ಟಿದ್ದು 2,85,000 ರೂಪಾಯಿ. ಬಿಲ್ ಆಫ್ ಎಂಟ್ರಿಯಲ್ಲಿ 3,20,000 ಅಂತಿದೆ, ಡ್ಯೂಟಿ 89,401. ಏಜೆಂಟ್ 18 ಪರ್ಸೆಂಟ್ ಅಂದಿದ್ರು. ಮಷಿನ್ ಕೋಡ್ ಹುಡುಕಿದ್ರೆ ‘ಇತರೆ’ ಅಂತ ಬರುತ್ತೆ, ಬೆಲ್ಟ್‌ಗೆ ಬೇರೆಯೇ ಕೋಡ್. ಎಲ್ಲಾ ಇಂಗ್ಲಿಷ್. ನನಗೆ ಮೋಸ ಆಗಿದ್ಯಾ?

ಉತ್ತರ:

ಮೋಸ ಆಗಿಲ್ಲ. ಲೆಕ್ಕ ಸರಿಯಾಗೇ ಇದೆ. ಆದರೆ ನಿಮ್ಮ ಇನ್‌ವಾಯ್ಸ್ ಬೇರೆ ಥರ ಇದ್ದಿದ್ದರೆ ಸ್ವಲ್ಪ ದುಡ್ಡು ಉಳಿಯುವ ಸಾಧ್ಯತೆ ಇತ್ತು. ಅದಕ್ಕೆ ಆಮೇಲೆ ಬರ್ತೀನಿ. ನಾನು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಸಣ್ಣ ಕಾರ್ಖಾನೆಗಳಿಗೆ ಆಮದಿನ ಕಾಗದಪತ್ರ ನೋಡಿಕೊಡುತ್ತೇನೆ. ಇಂಥ ಬಿಲ್ಲುಗಳು ದಿನಾ ಕೈಗೆ ಬರುತ್ತವೆ.

ಮೊದಲು ಆ 3,20,000 ಎಲ್ಲಿಂದ ಬಂತು ನೋಡೋಣ. ಬಿಲ್ ಆಫ್ ಎಂಟ್ರಿ ಅಂದರೆ ಆಮದು ಸರಕಿನ ಬಗ್ಗೆ ಕಸ್ಟಮ್ಸ್‌ಗೆ ಕೊಡುವ ಘೋಷಣೆ. ಅದರ ಎರಡನೇ ಭಾಗದಲ್ಲಿ ಇನ್‌ವಾಯ್ಸ್ ಮತ್ತು ಮೌಲ್ಯದ ವಿವರ ಇರುತ್ತದೆ. ಕಸ್ಟಮ್ಸ್‌ನವರು ಡ್ಯೂಟಿ ಹಾಕುವುದು ನೀವು ಸಪ್ಲೈಯರ್‌ಗೆ ಕಳಿಸಿದ ಹಣದ ಮೇಲೆ ಮಾತ್ರ ಅಲ್ಲ. ಅದಕ್ಕೆ ಹಡಗಿನ ಬಾಡಿಗೆ, ವಿಮೆ ಸೇರಿಸಿ ಬರುವ ಮೊತ್ತದ ಮೇಲೆ. ಅದನ್ನೇ ಅಸೆಸೆಬಲ್ ವ್ಯಾಲ್ಯೂ ಅನ್ನುವುದು. ನೀವು ಪ್ರತ್ಯೇಕವಾಗಿ ವಿಮೆ ಮಾಡಿಸಿರಲಿಕ್ಕಿಲ್ಲ. ಆಗ ಸರಕಿನ ಬೆಲೆಯ 1.125 ಪರ್ಸೆಂಟನ್ನು ವಿಮೆ ಅಂತ ಹಿಡಿಯುತ್ತಾರೆ. ಅದು ಸುಮಾರು 3,206 ರೂಪಾಯಿ. ಉಳಿದ ಸುಮಾರು 31,800 ಹಡಗಿನ ಬಾಡಿಗೆ.

ಬಾಡಿಗೆಯ ಬಿಲ್ ಇದ್ದಿದ್ದು ನಿಮ್ಮ ಪುಣ್ಯ. ಬಾಡಿಗೆ ಎಷ್ಟು ಅಂತ ತೋರಿಸೋಕೆ ಕಾಗದ ಇಲ್ಲದಿದ್ದರೆ ಸರಕಿನ ಬೆಲೆಯ 20 ಪರ್ಸೆಂಟ್ ಹಿಡಿಯಬೇಕು ಅಂತ ನಿಯಮ. ನಿಮ್ಮ ಲೆಕ್ಕದಲ್ಲಿ ಅದು 57,000. ಸುಮ್ನೆ 25,000 ಜಾಸ್ತಿ ಮೊತ್ತದ ಮೇಲೆ ಡ್ಯೂಟಿ ಬೀಳುತ್ತಿತ್ತು. ಇನ್ನೊಂದು ವಿಷಯ, ಡಾಲರನ್ನು ರೂಪಾಯಿಗೆ ಬದಲಿಸುವುದು ನಿಮ್ಮ ಬ್ಯಾಂಕಿನ ದರದಲ್ಲಿ ಅಲ್ಲ, ಕಸ್ಟಮ್ಸ್ ಪ್ರಕಟಿಸಿದ ದರದಲ್ಲಿ. ಅದಕ್ಕೇ ಬ್ಯಾಂಕ್ ಸ್ಟೇಟ್‌ಮೆಂಟಿಗೂ ಈ ಬಿಲ್ಲಿಗೂ ನೂರೋ ಸಾವಿರವೋ ವ್ಯತ್ಯಾಸ ಬಂದರೆ ಗಾಬರಿ ಬೀಳಬೇಡಿ.

ಈಗ ಕೋಡ್. ಮೂರನೇ ಭಾಗದಲ್ಲಿ `CTH` ಅನ್ನುವ ಕಾಲಂ ಇದೆ. ನಿಮ್ಮ ಮಷಿನ್ ಎದುರು 84798999 ಅಂತಿದೆ. ಎರಡೆರಡು ಅಂಕಿಯಾಗಿ ಬಿಡಿಸಿ ಓದಿ. 84 ಅಂದರೆ ಅಧ್ಯಾಯ, ಯಂತ್ರಗಳದ್ದು. 8479 ಅಂದರೆ ಆ ಅಧ್ಯಾಯದಲ್ಲಿ ಬೇರೆ ಎಲ್ಲೂ ಹೆಸರು ಹೇಳದ, ಆದರೆ ತನ್ನದೇ ಒಂದು ಕೆಲಸ ಇರುವ ಯಂತ್ರಗಳು. ಮೊದಲ ಆರು ಅಂಕಿ ಪ್ರಪಂಚದ ಬಹುತೇಕ ದೇಶಗಳಲ್ಲಿ ಒಂದೇ. ಕೊನೆಯ ಎರಡು ನಮ್ಮ ದೇಶ ಸೇರಿಸಿಕೊಂಡಿದ್ದು. ಹಾಗಾಗಿ ಚೀನಾದವರ ಇನ್‌ವಾಯ್ಸ್‌ನಲ್ಲಿ ಎಂಟೋ ಹತ್ತೋ ಅಂಕಿಯ ಬೇರೆ ಕೋಡ್ ಇದ್ದರೆ ಆರರವರೆಗೆ ಮಾತ್ರ ಹೋಲಿಸಿ ನೋಡಿ.

‘ಇತರೆ’ ಅಂತ ಬಂದಿದ್ದಕ್ಕೆ ನಿಮಗೆ ಅನುಮಾನ. ಅಧಿಕಾರಿಗಳಿಗೂ ಈ ಕೋಡ್ ಕಂಡರೆ ಅನುಮಾನವೇ, ಯಾಕೆಂದರೆ ಗೊತ್ತಾಗದ ಮಷಿನನ್ನೆಲ್ಲಾ ಇಲ್ಲಿಗೆ ತಳ್ಳುವ ಅಭ್ಯಾಸ ಕೆಲವರಿಗಿದೆ. ಬೇರೆ ಯಾವ ಶೀರ್ಷಿಕೆಯಲ್ಲೂ ಕೂರುವುದಿಲ್ಲ ಅಂತ ತೋರಿಸಿದ ಮೇಲೆಯೇ 8479ಕ್ಕೆ ಬರಬೇಕು. ನಿಮ್ಮ ಮಷಿನ್‌ಗೆ ಹತ್ತಿರದ ಎದುರಾಳಿ 8474. ಅದರಲ್ಲಿ ಪುಡಿ ಅಥವಾ ಪೇಸ್ಟ್ ರೂಪದ ವಸ್ತುವನ್ನು ಒತ್ತಿ ಆಕಾರ ಕೊಡುವ ಯಂತ್ರಗಳು ಬರುತ್ತವೆ. ಕೇಳಿದರೆ ನಿಮ್ಮದೇ ಅನ್ನಿಸುತ್ತೆ ಅಲ್ವಾ? ಇದ್ದಿಲ ಪುಡಿ, ಮರದ ಪುಡಿ, ಜಿಗಟ್ ಕಲಸಿದ ಮಸಾಲೆಯನ್ನು ಕಡ್ಡಿಗೆ ಒತ್ತಿ ಮೆತ್ತುವುದು ತಾನೆ ಅದರ ಕೆಲಸ. ಆದರೆ 8474 ಹೇಳುವುದು ಖನಿಜ ಇಂಧನ, ಸೆರಾಮಿಕ್ ಪೇಸ್ಟ್, ಸಿಮೆಂಟ್ ಥರದ ಖನಿಜ ಪದಾರ್ಥಗಳ ಬಗ್ಗೆ. ನಿಮ್ಮ ಇದ್ದಿಲು ಮರ ಸುಟ್ಟು ಮಾಡಿದ್ದು, ಗಣಿಯಿಂದ ತೆಗೆದ ಕಲ್ಲಿದ್ದಲಲ್ಲ. ಜಿಗಟ್ ಕೂಡ ಮರದ ತೊಗಟೆಯದ್ದು. ಹಾಗಾಗಿ 8474 ಬಿದ್ದುಹೋಗುತ್ತದೆ, 8479 ನಿಲ್ಲುತ್ತದೆ. ಮುಂದೆ ಯಾರಾದರೂ ಪ್ರಶ್ನೆ ಎತ್ತಿದರೆ ಬೇಕಾಗುವುದು ಇಷ್ಟೇ: ಮಷಿನ್ ಕ್ಯಾಟಲಾಗ್, ಮತ್ತು ಅದರಲ್ಲಿ ಏನು ಹಾಕುತ್ತೀರಿ ಅನ್ನುವ ಒಂದು ಪುಟದ ವಿವರ. ಎರಡನ್ನೂ ಬಿಲ್ ಜೊತೆಗೆ ಫೈಲ್ ಮಾಡಿಡಿ.

ಇನ್ನು ದರ. ಅದೇ ಭಾಗದಲ್ಲಿ `BCD`, `SWS`, `IGST` ಅಂತ ಸಾಲಾಗಿ ಇವೆ. ಬಿಸಿಡಿ ಅಂದರೆ ಮೂಲ ಕಸ್ಟಮ್ಸ್ ಸುಂಕ. ಎಸ್‌ಡಬ್ಲ್ಯುಎಸ್ ಅಂದರೆ ಸಮಾಜ ಕಲ್ಯಾಣ ಸರ್‌ಚಾರ್ಜ್, 2018ರ ಬಜೆಟ್‌ನಲ್ಲಿ ಶಿಕ್ಷಣ ಸೆಸ್ ತೆಗೆದು ಇದನ್ನು ತಂದರು. ಇದರ 10 ಪರ್ಸೆಂಟ್ ಲೆಕ್ಕ ಹಾಕುವುದು ಸರಕಿನ ಮೇಲಲ್ಲ, ಬಿಸಿಡಿ ಮೊತ್ತದ ಮೇಲೆ. ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಬೀಳುವ ಜಿಎಸ್‌ಟಿ, ಕೊನೆಯದು. ಅದು ಮೌಲ್ಯ, ಬಿಸಿಡಿ, ಸರ್‌ಚಾರ್ಜ್ ಮೂರನ್ನೂ ಕೂಡಿದ ಮೊತ್ತದ ಮೇಲೆ ಬೀಳುತ್ತದೆ. ನಿಮ್ಮ ಮಷಿನ್ ಸಾಲಿನ ಮೌಲ್ಯ 3,00,000. ಲೆಕ್ಕ ಹೀಗೆ:

```
BCD  = 3,00,000 × 7.5% = 22,500
SWS  =   22,500 × 10%  =  2,250
IGST = 3,24,750 × 18%  = 58,455
ಒಟ್ಟು                  = 83,205
```

ಅಂದರೆ ಮೌಲ್ಯದ 27.735 ಪರ್ಸೆಂಟ್. ಈ ಸಂಖ್ಯೆ ನೆನಪಿಟ್ಟುಕೊಳ್ಳಿ. ಯಂತ್ರಗಳ ಬಿಲ್‌ಗಳಲ್ಲಿ ಇದು ಪದೇ ಪದೇ ಕಾಣುತ್ತದೆ. ನಿಮ್ಮ ಏಜೆಂಟ್ ಹೇಳಿದ 18 ಪರ್ಸೆಂಟ್ ಸುಳ್ಳಲ್ಲ, ಅರ್ಧ ಕಥೆ ಅಷ್ಟೇ.

ಬೆಲ್ಟ್ ಸಾಲಿಗೆ ಬನ್ನಿ. ಅದರ ಮೌಲ್ಯ 20,000. ಕೋಡ್ 4010ರಿಂದ ಶುರು, ಬಿಸಿಡಿ 10 ಪರ್ಸೆಂಟ್. ಹಾಗಾಗಿ ಬಿಸಿಡಿ 2,000, ಸರ್‌ಚಾರ್ಜ್ 200, ಐಜಿಎಸ್‌ಟಿ 3,996. ಒಟ್ಟು 6,196. ಎರಡೂ ಸಾಲು ಕೂಡಿಸಿ, 89,401 ಬರುತ್ತದೆ.

ಮಷಿನ್‌ನದೇ ಬೆಲ್ಟ್ ತಾನೆ, ಮಷಿನ್ ಕೋಡ್‌ನಲ್ಲೇ ಯಾಕೆ ಇಲ್ಲ? ಟ್ಯಾರಿಫ್‌ನಲ್ಲಿ ಯಂತ್ರಗಳ ವಿಭಾಗದ ಶುರುವಿನಲ್ಲೇ ಒಂದು ಟಿಪ್ಪಣಿ ಇದೆ: ರಬ್ಬರಿನ ಟ್ರಾನ್ಸ್‌ಮಿಷನ್ ಬೆಲ್ಟ್, ಕನ್ವೇಯರ್ ಬೆಲ್ಟ್‌ಗಳು ಈ ವಿಭಾಗಕ್ಕೆ ಸೇರುವುದಿಲ್ಲ. ಅವು ರಬ್ಬರ್ ಅಧ್ಯಾಯದ 4010ಕ್ಕೆ ಹೋಗಬೇಕು. ಬಿಡಿಯಾಗಿ ತರಿಸಿದರೆ ಬೇರಿಂಗ್‌ಗೂ ಮೋಟರ್‌ಗೂ ಇದೇ ಪಾಡು. ಬೇರಿಂಗ್ 8482, ಮೋಟರ್ 8501. ಮಷಿನ್‌ಗೆ ಅಂತಲೇ ತರಿಸಿದ್ದರೂ ಅವಕ್ಕೆ ಅವುಗಳದ್ದೇ ಮನೆ. ಮಷಿನ್‌ನೊಳಗೆ ಜೋಡಿಸಿಕೊಂಡೇ ಬಂದ ಬೆಲ್ಟ್‌ಗೆ ಮಾತ್ರ ಈ ಪ್ರಶ್ನೆ ಇಲ್ಲ, ಅದು ಮಷಿನ್‌ನ ಭಾಗ.

ಇಲ್ಲೇ ನಿಮಗೆ ದುಡ್ಡು ಉಳಿಯಬಹುದಿತ್ತು ಅಂದಿದ್ದು. 1963ರ ಆಕ್ಸೆಸರೀಸ್ ಕಂಡೀಷನ್ ನಿಯಮಗಳು ಅಂತ ಇವೆ. ಹಳೆಯವು, ಇವತ್ತಿಗೂ ಉಪಯೋಗಕ್ಕೆ ಬರುತ್ತವೆ. ಮಷಿನ್ ಜೊತೆ ಬಂದ ಸ್ಪೇರ್‌ಗಳಿಗೆ ಮಷಿನ್‌ನ ದರವೇ ಸಿಗುತ್ತದೆ, ಎರಡು ಷರತ್ತಿನ ಮೇಲೆ. ಒಂದು, ಆ ವ್ಯಾಪಾರದ ವಾಡಿಕೆಯಲ್ಲಿ ಅವನ್ನು ಮಷಿನ್ ಜೊತೆ ಕಡ್ಡಾಯವಾಗಿ ಕೊಡುತ್ತಿರಬೇಕು. ಎರಡು, ಅವಕ್ಕೆ ಬೇರೆ ಬೆಲೆ ಹಾಕಿರಬಾರದು, ಮಷಿನ್ ಬೆಲೆಯಲ್ಲೇ ಸೇರಿರಬೇಕು. ನಿಮ್ಮ ಇನ್‌ವಾಯ್ಸ್‌ನಲ್ಲಿ ಬೆಲ್ಟ್‌ಗೆ ಬೇರೆ ಸಾಲು, ಬೇರೆ ಬೆಲೆ. ಅಲ್ಲಿಗೆ ಎರಡನೇ ಷರತ್ತು ಮುರಿಯಿತು. ನಿಮ್ಮ ಏಜೆಂಟ್ ಸರಿಯಾದದ್ದನ್ನೇ ಮಾಡಿದ್ದಾರೆ.

ಕಳೆದುಕೊಂಡಿದ್ದು ಎಷ್ಟು? ಮಷಿನ್ ದರದಲ್ಲಿ ಬೆಲ್ಟ್‌ಗೆ 5,547 ಆಗುತ್ತಿತ್ತು, ಅಂದರೆ 649 ಕಡಿಮೆ. ದೊಡ್ಡದೇನಲ್ಲ. ಆದರೆ ಲಕ್ಷಗಟ್ಟಲೆ ಸ್ಪೇರ್ ತರಿಸುವವರಿಗೆ ಇದೇ ದೊಡ್ಡ ಮೊತ್ತ. ಮುಂದಿನ ಸಲ ಸಪ್ಲೈಯರ್ ನಿಜವಾಗಿಯೂ ಎಲ್ಲರಿಗೂ ಬೆಲ್ಟ್ ಸೆಟ್ ಸೇರಿಸಿಯೇ ಮಾರುತ್ತಾನಾದರೆ ಇನ್‌ವಾಯ್ಸ್ ಹಾಗೇ ಬರಲಿ. ಬೇಕಂತ ಆರ್ಡರ್ ಮಾಡಿದ ಎಕ್ಸ್‌ಟ್ರಾ ಬೆಲ್ಟನ್ನು ‘ಫ್ರೀ’ ಅಂತ ಬರೆಸಬೇಡಿ. ಬಿಲ್ ಫೈಲ್ ಮಾಡುವುದು ಏಜೆಂಟ್ ಆದರೂ ಘೋಷಣೆ ಆಮದುದಾರರದ್ದು. ಕಡಿಮೆ ಕಟ್ಟಿದ ಸುಂಕವನ್ನು ಮಾಮೂಲಾಗಿ ಎರಡು ವರ್ಷದೊಳಗೆ ಕೇಳಬಹುದು. ಬೇಕಂತಲೇ ಮುಚ್ಚಿಟ್ಟಿದ್ದು ಅಂತಾದರೆ ಐದು ವರ್ಷ.

ಬಿಸಿಡಿ ಕಾಲಂ ಕೆಳಗೆ `NOTN NO` ಮತ್ತು `DUTY FG` ಅಂತ ಸಾಲುಗಳಿವೆ ನೋಡಿ. ಮೊದಲನೆಯದರಲ್ಲಿ ಯಾವುದಾದರೂ ರಿಯಾಯಿತಿ ಅಧಿಸೂಚನೆ ಹಾಕಿಕೊಂಡಿದ್ದರೆ ಅದರ ನಂಬರ್, ಎರಡನೆಯದರಲ್ಲಿ ಅದರಿಂದ ಮನ್ನಾ ಆದ ಸುಂಕ. ವಿಯೆಟ್ನಾಂ ಮಷಿನ್ ತರಿಸಿದವರ ಬಿಲ್‌ನಲ್ಲಿ 046/2011 ಅಂತ ಕಾಣಬಹುದು. ಅದು ಆಸಿಯಾನ್ ಒಪ್ಪಂದದ ರಿಯಾಯಿತಿ, ಮೂಲ ದೇಶದ ಸರ್ಟಿಫಿಕೇಟ್ ಇದ್ದರೆ ಮಾತ್ರ. ಚೀನಾದಲ್ಲೇ ತಯಾರಾಗಿ ವಿಯೆಟ್ನಾಂ ವ್ಯಾಪಾರಿ ಮಾರಿದ್ದಕ್ಕೆ ಸಿಗುವುದಿಲ್ಲ. ನಿಮ್ಮ ಸ್ನೇಹಿತರು ಯಾರಾದರೂ ‘ನನಗೆ ಬಿಸಿಡಿ ಬೀಳಲೇ ಇಲ್ಲ’ ಅಂದರೆ ಕಾರಣ ಇದಿರಬಹುದು.

ಕಟ್ಟಿದ್ದರಲ್ಲಿ ವಾಪಸ್ ಸಿಗುವುದು ಯಾವುದು ಅಂತ ನೀವು ಕೇಳಿಲ್ಲ, ಆದರೂ ನಿಮಗೆ ದೊಡ್ಡ ದುಡ್ಡು ಅಲ್ಲೇ ಇದೆ. ಬಿಸಿಡಿ, ಸರ್‌ಚಾರ್ಜ್ ಸೇರಿ 26,950. ಅದು ಖರ್ಚು, ಮಷಿನ್ ಮತ್ತು ಬೆಲ್ಟ್‌ನ ಬೆಲೆಗೆ ಸೇರಿಸಿಕೊಳ್ಳಿ. ಐಜಿಎಸ್‌ಟಿ ಎರಡೂ ಸಾಲಿನದು 62,451. ಇದನ್ನು ಇನ್‌ಪುಟ್ ಕ್ರೆಡಿಟ್ ಆಗಿ ತಗೋಬಹುದು, ಊದುಬತ್ತಿ ಮಾರುವಾಗ ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಬಿಲ್‌ನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಸರಿಯಾಗಿದೆಯಾ ನೋಡಿ. ಆಮೇಲೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮ ಕ್ರೆಡಿಟ್ ತೋರಿಸುವ `GSTR-2B`ಯಲ್ಲಿ ಆಮದಿನ ಭಾಗಕ್ಕೆ ಹೋಗಿ ಬಿಲ್ ನಂಬರ್, ಮೊತ್ತ ಬಂದಿದೆಯಾ ಹುಡುಕಿ. ನೀವು ಕಾಂಪೊಸಿಷನ್ ಸ್ಕೀಮ್‌ನಲ್ಲಿದ್ದರೆ ಮಾತ್ರ ಈ ಕ್ರೆಡಿಟ್ ಇಲ್ಲ, ಪೂರ್ತಿ 89,401 ಖರ್ಚೇ.

ನಂಬರ್ ತಪ್ಪಿದ್ದರೆ ಏಜೆಂಟ್‌ಗೆ ಹೇಳಿ ಕಸ್ಟಮ್ಸ್ ಕಾಯ್ದೆಯ 149ನೇ ಕಲಮಿನಡಿ ತಿದ್ದುಪಡಿ ಕೇಳಿಸಿ. ಸರಕು ಬಿಡಿಸಿಕೊಂಡ ಮೇಲೂ ಇದಕ್ಕೆ ಅವಕಾಶ ಇದೆ. ಬಿಡಿಸಿಕೊಳ್ಳುವ ಹೊತ್ತಿಗೆ ಇದ್ದ ದಾಖಲೆ ತೋರಿಸಬೇಕು. ನಿಮ್ಮ ಜಿಎಸ್‌ಟಿ ನೋಂದಣಿ ಪತ್ರ ಆಗಲೇ ಇತ್ತಲ್ಲ, ಅದು ಸಾಕಾಗಬೇಕು.