ಶನಿವಾರ ಮಾತ್ರ ಕುಡಿದರೆ ಜಿಜಿಟಿ 240 ಬರುತ್ತದೆಯೇ?

ಪ್ರಶ್ನೆ: ನಮ್ಮ ಯಜಮಾನರಿಗೆ 41 ವರ್ಷ. ಬೆಂಗಳೂರಲ್ಲಿ ಕಂಪನಿ ಹೆಲ್ತ್ ಚೆಕಪ್ ಮಾಡಿಸಿದಾಗ ಎಸ್‌ಜಿಒಟಿ 118, ಎಸ್‌ಜಿಪಿಟಿ 52, ಜಿಜಿಟಿ 240, ಎಂಸಿವಿ 102 ಬಂದಿದೆ. ಬಿಲಿರುಬಿನ್, ಅಲ್ಕಲೈನ್ ಫಾಸ್ಫಟೇಸ್ ನಾರ್ಮಲ್. ಶನಿವಾರ ಎರಡು ಪೆಗ್ ಅಷ್ಟೇ, ಇದು ಜಿಮ್‌ನಿಂದ ಬಂದದ್ದು ಅಂತಾರೆ. ನಂಬಬಹುದಾ?

ಉತ್ತರ: ಜಿಮ್‌ನ ಕಾರಣ ಈ ರಿಪೋರ್ಟಿಗೆ ಹೊಂದುವುದಿಲ್ಲ. ಎಸ್‌ಜಿಒಟಿ ಲಿವರ್‌ನಲ್ಲಿ ಇರುವ ಹಾಗೆ ಸ್ನಾಯುವಿನಲ್ಲೂ ಇದೆ, ಭಾರ ಎತ್ತಿದ ಮೇಲೆ ಕೆಲವು ದಿನ ಏರುತ್ತದೆ, ಅಷ್ಟು ನಿಜ. ಆದರೆ ಜಿಜಿಟಿ ಎಂಬ ಲಿವರ್ ಕಿಣ್ವ ಸ್ನಾಯುವಿನಿಂದ ಬರುವುದಿಲ್ಲ. ಎಂಸಿವಿ ಅಂದರೆ ಕೆಂಪು ರಕ್ತಕಣದ ಗಾತ್ರ. ಅದಕ್ಕೂ ವ್ಯಾಯಾಮಕ್ಕೂ ಸಂಬಂಧವಿಲ್ಲ. ಅನುಮಾನ ಉಳಿದರೆ ಮುಂದಿನ ಸಲ ರಕ್ತ ಕೊಡುವಾಗ ಸ್ನಾಯುವಿನ ಕಿಣ್ವವಾದ ಸಿಪಿಕೆಯನ್ನೂ ಸೇರಿಸಿ. ಸ್ನಾಯುವಿನ ಕಾರಣವಾಗಿದ್ದರೆ ಅದು ಚೆನ್ನಾಗಿ ಏರಿರುತ್ತದೆ.

ನಾನು ಮೊದಲು ನೋಡುವುದು ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಎರಡು ಕಿಣ್ವಗಳ ಅನುಪಾತ. 118ನ್ನು 52ರಿಂದ ಭಾಗಿಸಿದರೆ ಸುಮಾರು 2.3. ತೂಕ, ಸಕ್ಕರೆ ಕಾಯಿಲೆಯಿಂದ ಬರುವ ಫ್ಯಾಟಿ ಲಿವರ್‌ನಲ್ಲಿ ಸಾಮಾನ್ಯವಾಗಿ ಎಸ್‌ಜಿಪಿಟಿಯೇ ಮೇಲಿರುತ್ತದೆ. ಕುಡಿತದಲ್ಲಿ ಇದು ತಿರುಗುಮುರುಗಾಗುತ್ತದೆ. ಎಸ್‌ಜಿಪಿಟಿ ತಯಾರಾಗಲು ಬಿ6 ವಿಟಮಿನ್ ಬೇಕು, ಹೆಚ್ಚು ಕುಡಿಯುವವರಲ್ಲಿ ಅದು ಕಡಿಮೆಯಾಗಿರುತ್ತದೆ. ಜೊತೆಗೆ ಮದ್ಯ ಜೀವಕೋಶದ ಮೈಟೊಕಾಂಡ್ರಿಯಕ್ಕೆ ಪೆಟ್ಟು ಕೊಡುವುದರಿಂದ ಅಲ್ಲಿರುವ ಎಸ್‌ಜಿಒಟಿ ರಕ್ತಕ್ಕೆ ಹೊರಬರುತ್ತದೆ. ಹಾಗಾಗಿ ಅನುಪಾತ 2 ದಾಟಿ, ಎರಡೂ ಕಿಣ್ವ 300ರ ಒಳಗೇ ಇದ್ದರೆ ಮೊದಲ ಅನುಮಾನ ಕುಡಿತದ ಮೇಲೆ. ಸಾವಿರದ ಲೆಕ್ಕದಲ್ಲಿ ಬಂದಿದ್ದರೆ ಕಾಮಾಲೆಯ ವೈರಸ್ಸನ್ನೋ ಪ್ಯಾರಸಿಟಮಾಲ್ ಮಿತಿಮೀರಿದ್ದನ್ನೋ ಹುಡುಕಬೇಕಾಗುತ್ತಿತ್ತು.

ಇನ್ನು "ಶನಿವಾರ ಮಾತ್ರ" ಎಂಬ ಮಾತು. ಪ್ರತಿ ಪರೀಕ್ಷೆಗೂ ಅದರದೇ ನೆನಪಿನ ಅವಧಿ ಇದೆ. ಎಸ್‌ಜಿಒಟಿ ಒಂದು ದಿನದೊಳಗೆ ಅರ್ಧಕ್ಕಿಳಿಯುತ್ತದೆ. ಜಿಜಿಟಿ ಅರ್ಧವಾಗಲು ಎರಡು-ಮೂರು ವಾರ ಬೇಕು. ಕೆಂಪು ಕಣ ಬದುಕುವುದೇ ಸುಮಾರು 120 ದಿನ, ಆದ್ದರಿಂದ ಎಂಸಿವಿ ಹೇಳುವುದು ತಿಂಗಳುಗಳ ಹಿಂದಿನ ಕಥೆ. ಮೂರೂ ಒಟ್ಟಿಗೆ ಏರಿವೆ ಎಂದರೆ ಅದು ಕಳೆದ ವಾರದ ಒಂದು ಪಾರ್ಟಿಯ ಗುರುತಲ್ಲ. ಎರಡು ದೊಡ್ಡ ಪೆಗ್, ಅಂದರೆ 120 ಮಿಲಿ ವಿಸ್ಕಿಯಲ್ಲಿ ಸುಮಾರು 40 ಗ್ರಾಂ ಆಲ್ಕೋಹಾಲ್ ಇರುತ್ತದೆ. ವಾರಕ್ಕೆ ಅಷ್ಟರಿಂದಲೇ ಈ ಚಿತ್ರ ಬರುವುದು ಕಷ್ಟ. ದಿನಾ ಒಂದು ಕ್ವಾರ್ಟರ್ ಎಂದರೆ ದಿನಕ್ಕೆ 60 ಗ್ರಾಂ. ಅದಕ್ಕೆ ಇದು ಹೊಂದುತ್ತದೆ.

ಆದರೂ ಈ ಕಾಗದ ಹಿಡಿದು ಅವರನ್ನು ಸುಳ್ಳುಗಾರ ಅನ್ನಬೇಡಿ. ಫಿಟ್ಸ್‌ಗೆ ಕೊಡುವ ಫೆನಿಟೊಯಿನ್‌ನಂಥ ಮಾತ್ರೆಗಳೂ ಜಿಜಿಟಿ ಏರಿಸುತ್ತವೆ. ಬಿ12 ಕೊರತೆ, ಥೈರಾಯ್ಡ್ ಕಡಿಮೆಯಾಗುವುದು ಎಂಸಿವಿ ಏರಿಸುತ್ತವೆ. ಸಸ್ಯಾಹಾರಿಗಳಾಗಿದ್ದರೆ ಬಿ12 ನೋಡಿಸಲೇಬೇಕು. ಇತ್ತೀಚೆಗೆ ಡೆಂಗ್ಯೂ ಬಂದಿದ್ದರೆ ಅದರಲ್ಲೂ ಎಸ್‌ಜಿಒಟಿಯೇ ಹೆಚ್ಚಿರುತ್ತದೆ. ಹೆಪಟೈಟಿಸ್ ಬಿ, ಸಿ ಪರೀಕ್ಷೆ ಒಂದು ಸಲ ಆಗಲಿ.

ನಿಜ ತಿಳಿಯುವ ದಾರಿ ನಾಲ್ಕು ವಾರ ಒಂದು ತೊಟ್ಟೂ ಇಲ್ಲದೆ ಇದ್ದು, ಅದೇ ಲ್ಯಾಬಿನಲ್ಲಿ ಮತ್ತೆ ಪರೀಕ್ಷಿಸುವುದು. ರಕ್ತ ಕೊಡುವ ಮುಂಚಿನ ಒಂದು ವಾರ ಜಿಮ್ ಬೇಡ. ಕುಡಿತವೇ ಕಾರಣವಾಗಿದ್ದು ನಿಜವಾಗಿ ಬಿಟ್ಟಿದ್ದರೆ ಜಿಜಿಟಿ 240 ಇದ್ದದ್ದು 60ರಿಂದ 100ರ ಆಸುಪಾಸಿಗೆ ಇಳಿದಿರುತ್ತದೆ. ಎಂಸಿವಿ ಆಗಲೂ 100 ದಾಟಿಯೇ ಇರಬಹುದು, ಗಾಬರಿ ಬೇಡ. ಬಿಟ್ಟೂ ಜಿಜಿಟಿ ಅಲ್ಲಾಡದಿದ್ದರೆ ಬೇರೆ ಕಾರಣ ಹುಡುಕಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಅವರು ದಿನಾ ಕುಡಿಯುತ್ತಿದ್ದರೆ, ಬೆಳಗ್ಗೆ ಕೈ ನಡುಗುತ್ತಿದ್ದರೆ, ಮನೆಯಲ್ಲಿ ಏಕಾಏಕಿ ಬಿಡಿಸಬೇಡಿ. ಕೊನೆಯ ಗುಟುಕಿನ ನಂತರ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡು-ಮೂರನೇ ದಿನ ಬುದ್ಧಿಭ್ರಮಣೆಯೂ ಆಗಬಹುದು. ವೈದ್ಯರ ಮಾತ್ರೆಯೊಂದಿಗೆ ಬಿಡಿಸಬೇಕು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸೆಯ ವಿಭಾಗ ಇದೆ.

ಮತ್ತೆ, ಕಿಣ್ವ ಹೇಳುವುದು ಪೆಟ್ಟು ಬೀಳುತ್ತಿದೆ ಎಂದಷ್ಟೇ. ಲಿವರ್ ಎಷ್ಟು ಉಳಿದಿದೆ ಎಂಬುದನ್ನು ಅದು ಹೇಳುವುದಿಲ್ಲ. ಸಿರೋಸಿಸ್ ಆದವರಲ್ಲಿ ಎಸ್‌ಜಿಪಿಟಿ ನಾರ್ಮಲ್ ಇರುವುದು ಉಂಟು. ಆದ್ದರಿಂದ ಎರಡನೇ ಸಲ ಪ್ಲೇಟ್‌ಲೆಟ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವುದನ್ನು ನೋಡುವ ಪಿಟಿ-ಐಎನ್‌ಆರ್ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್ ಸೇರಿಸಿ. ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕೆಳಗಿದ್ದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಬಗ್ಗೆ ಗ್ಯಾಸ್ಟ್ರೋ ಡಾಕ್ಟರನ್ನು ಕೇಳಿ. ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬಿದರೆ, ಮಲ ಕಪ್ಪಾದರೆ ನಾಲ್ಕು ವಾರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.