ಗೋದಿ ಅಂದರೆ ಗೋಧಿಯಲ್ಲ

ಮೈಸೂರಿನಿಂದ ನೀವು ಕೇಳಿದ ಪ್ರಶ್ನೆ ನೇರವಾಗಿದೆ. ಮುಂಬೈ ಫೋರ್ಟಿನ ಒಂದು ಕನ್ನಡ ರಾತ್ರಿ ಶಾಲೆಯ 1944ರ ವರದಿಯಲ್ಲಿ ನಿಮ್ಮ ಅಜ್ಜ ನಾರಾಯಣ ಅವರ ಹೆಸರಿದೆ ಎಂದು ಯಾರೋ ಮಾಡಿದ ಸಾರಾಂಶದಲ್ಲಿ ಓದಿದಿರಿ. ಅದು ನಿಜವೇ, ನನ್ನ ಸಾರಾಂಶದಲ್ಲಿ ಆ ಜಾಗ ಯಾಕೆ ಖಾಲಿ ಇದೆ ಎಂದು ಕೇಳಿದ್ದೀರಿ. ಚಿಕ್ಕ ಉತ್ತರ ಕೊಟ್ಟರೆ ನಿಮಗೆ ಬೇಸರವಾದೀತು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ನಿಪ್ಪಾಣಿ ಕಡೆಯವನು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಮುಂಬೈಗೆ ಬಂದ ಮೇಲೆ ಈ ಎರಡು ಭಾಷೆಗಳ ನಡುವಿನ ಓಡಾಟ ಇನ್ನೂ ಜಾಸ್ತಿಯಾಯಿತು. ಇಲ್ಲಿಯ ಹಳೆಯ ಕನ್ನಡ ಕಾಗದಗಳನ್ನು ಓದುವಾಗ ಅದೇ ನನಗೆ ಸಹಾಯಕ್ಕೆ ಬರುತ್ತದೆ. ಆ ಕಾಲದ ರಾತ್ರಿ ಶಾಲೆಗಳಿಗೆ ಬರುತ್ತಿದ್ದವರಲ್ಲಿ ಬಹಳಷ್ಟು ಮಂದಿ ಕರಾವಳಿಯಿಂದ ಬಂದ ಹೋಟೆಲ್ ಹುಡುಗರು. ಹಗಲೆಲ್ಲ ಲೋಟ ತೊಳೆದು, ಟೇಬಲ್ ಒರೆಸಿ, ರಾತ್ರಿ ಸ್ಲೇಟು ಹಿಡಿದು ಕೂರುತ್ತಿದ್ದರು. ವರದಿ ಬರೆದವರೂ ಇದೇ ಊರಿನಲ್ಲಿ ಬದುಕಿದವರು. ಹಾಗಾಗಿ ಅವರ ಕನ್ನಡದಲ್ಲಿ ಮುಂಬೈ ಇದೆ.

ನಿಮಗೆ ಸಿಕ್ಕ ಸಾರಾಂಶದಲ್ಲಿ ಒಂದು ಸಾಲು ಹೀಗಿದೆ: "ಗೋಧಿ ದಾಸ್ತಾನಿನಲ್ಲಿ ಬೆಂಕಿ ಬಿದ್ದು ಶಾಲೆ ಹದಿನಾಲ್ಕು ದಿನ ಮುಚ್ಚಿತ್ತು." ಪುಟದಲ್ಲಿ ಇರುವುದು ಬೇರೆ. ಅದನ್ನು ಇದ್ದ ಹಾಗೇ ಬರೆಯುತ್ತೇನೆ. ಓದಲಾಗದ ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ ಇಟ್ಟಿದ್ದೇನೆ:

"ಗೋದಿಯಲ್ಲಿ ಆದ ಸ್ಫೋಟದ ಕಾರಣ ಏಪ್ರಿಲ್ ೧▢ರಿಂದ ಶಾಲೆ ▢▢ ದಿನ ಬಂದಾಗಿತ್ತು."

ಮರಾಠಿಯಲ್ಲಿ ಗೋದಿ ಎಂದರೆ ಹಡಗು ನಿಲ್ಲುವ ಕಟ್ಟೆ, ಅಂದರೆ ಡಾಕ್. ಮುಂಬೈಯವರಿಗೆ ಇದು ದಿನಬಳಕೆಯ ಮಾತು. 1944ರ ಏಪ್ರಿಲ್ 14ರಂದು ಸಂಜೆ ನಾಲ್ಕು ಗಂಟೆ ದಾಟಿದ ಮೇಲೆ ವಿಕ್ಟೋರಿಯಾ ಡಾಕಿನಲ್ಲಿ ಮದ್ದುಗುಂಡು, ಹತ್ತಿ ತುಂಬಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸಿಡಿಯಿತು. ವರದಿ ಹೇಳುತ್ತಿರುವುದು ಆ ಸ್ಫೋಟವನ್ನೇ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಮೊದಲು ಸಾರಾಂಶ ಮಾಡಿದವರಿಗೆ ಆ ಪದ ಗೊತ್ತಿರಲಿಲ್ಲ. ಸ್ಕ್ಯಾನ್ ಮಾಡುವಾಗ ಆದ ತಪ್ಪು ಎಂದುಕೊಂಡು ಗೋದಿಯನ್ನು ಗೋಧಿ ಮಾಡಿದರು. ಗೋಧಿ ಬಂದ ಮೇಲೆ ದಾಸ್ತಾನು ಬಂತು, ದಾಸ್ತಾನು ಬಂದ ಮೇಲೆ ಬೆಂಕಿ ಬಂತು. ಹಳೆಯ ಕಾಗದ ಓದುವಾಗ ನಾನು ಹೆಚ್ಚು ಹೆದರುವುದು ಇದಕ್ಕೇ. ಅಕ್ಷರ ಕಾಣುತ್ತಿಲ್ಲ ಎನ್ನುವುದು ಒಂದು. ಅಕ್ಷರ ಚೆನ್ನಾಗಿ ಕಾಣುತ್ತಿದೆ, ಆದರೆ ಪದ ನಮಗೆ ಗೊತ್ತಿಲ್ಲ ಎನ್ನುವುದು ಇನ್ನೊಂದು. ಎರಡನೆಯದನ್ನು ತಿದ್ದುವ ಹಕ್ಕು ನಮಗಿಲ್ಲ. ಇದೇ ವರದಿಯಲ್ಲಿ ಗಿರಣಿ ಎಂಬ ಮಾತೂ ಬರುತ್ತದೆ. ನಿಮ್ಮ ಊರಲ್ಲಿ ಅದು ಹಿಟ್ಟಿನ ಗಿರಣಿ, ಇಲ್ಲಿ ಬಟ್ಟೆ ಮಿಲ್ಲು. ಚಾಳ ಎಂದರೆ ಒಂದೇ ಪಡಸಾಲೆಗೆ ಸಾಲಾಗಿ ಬಾಗಿಲು ತೆರೆಯುವ ಬಾಡಿಗೆ ಕೋಣೆಗಳ ಕಟ್ಟಡ. ಕೆಟ್ಟ ಚಾಳಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಆ ತಾರೀಖು. ಸ್ಫೋಟ ಆದದ್ದು 14ಕ್ಕೆ ಎಂದು ಗೊತ್ತಿದೆಯಲ್ಲ, ಚೌಕದಲ್ಲಿ ೪ ತುಂಬಿಬಿಡಬಹುದು ಅಲ್ವಾ ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಆದರೆ ಸಾಲನ್ನು ಇನ್ನೊಮ್ಮೆ ಓದಿ. ಅದು ಸ್ಫೋಟದ ದಿನ ಹೇಳುತ್ತಿಲ್ಲ, ಶಾಲೆ ಮುಚ್ಚಿದ ದಿನ ಹೇಳುತ್ತಿದೆ. ಅದು 14ರ ರಾತ್ರಿಯೇ ಇರಬಹುದು, 15 ಇರಬಹುದು, ಇನ್ನೂ ಒಂದೆರಡು ದಿನ ತಡವಾಗಿಯೂ ಇರಬಹುದು. ಹೊರಗಿನ ತಿಳಿವಳಿಕೆ ಎಷ್ಟೇ ಗಟ್ಟಿಯಾಗಿದ್ದರೂ ಪುಟದ ಒಳಗೆ ತುಂಬುವುದಕ್ಕೆ ಅದು ಸಾಲುವುದಿಲ್ಲ. ಹಾಗಾಗಿ ಸಾರಾಂಶದಲ್ಲಿ ನಾನು ಬರೆದದ್ದು ಇಷ್ಟು: "ಡಾಕ್ ಸ್ಫೋಟದ ಕಾರಣ ಏಪ್ರಿಲ್ ನಡುವೆ ಶಾಲೆ ಕೆಲವು ದಿನ ಮುಚ್ಚಿತ್ತು. ತಾರೀಖಿನ ಎರಡನೇ ಅಂಕಿ ಮತ್ತು ದಿನಗಳ ಸಂಖ್ಯೆ ಓದಲಾಗದು." ಸ್ಫೋಟದ ತಾರೀಖನ್ನು ಕೆಳಗೆ ಟಿಪ್ಪಣಿಯಲ್ಲಿ, ಇದು ವರದಿಯಲ್ಲಿ ಇಲ್ಲದ ಮಾಹಿತಿ ಎಂದು ಹೇಳಿಯೇ ಹಾಕಿದ್ದೇನೆ.

ಕೆಲಸ ಶುರುವಾಗುವುದು ಸ್ಕ್ಯಾನಿನಿಂದ. ನಿಮಗೆ ಸಿಕ್ಕ ಫೈಲು ಬರೀ ಕಪ್ಪು-ಬಿಳುಪಿನದು. ಅದರಲ್ಲಿ ಮಾಸಿದ ಗೆರೆಗಳು ಪೂರ್ತಿ ಬಿಳಿಯಾಗಿ ಮಾಯವಾಗುತ್ತವೆ, ಕಲೆಗಳು ಪೂರ್ತಿ ಕಪ್ಪಾಗಿ ಅಕ್ಷರದ ವೇಷ ಹಾಕುತ್ತವೆ. ನಾನು ಅದೇ ಪ್ರತಿಯನ್ನು ಬೂದು ಛಾಯೆಗಳು ಉಳಿಯುವ ಹಾಗೆ 400 ಡಿಪಿಐಯಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿದೆ. ಆಮೇಲೆ ಅಕ್ಷರ ಗುರುತಿಸುವ ಟೆಸೆರ‍್ಯಾಕ್ಟ್ ತಂತ್ರಾಂಶಕ್ಕೆ ಕೊಟ್ಟೆ:

```
tesseract puta07.png puta07 -l kan --psm 6 tsv
```

ಇದು `puta07.tsv` ಎಂಬ ಫೈಲು ಕೊಡುತ್ತದೆ. ಅದರ `conf` ಎಂಬ ಕಾಲಂನಲ್ಲಿ ಪ್ರತಿ ಪದದ ಬಗ್ಗೆ ಯಂತ್ರಕ್ಕೆ ಎಷ್ಟು ಭರವಸೆ ಇದೆ ಎಂದು ನೂರಕ್ಕೆ ಇಷ್ಟು ಎನ್ನುವ ಲೆಕ್ಕದಲ್ಲಿ ಇರುತ್ತದೆ. ಕಡಿಮೆ ಅಂಕ ಬಂದ ಪದಗಳನ್ನು ಮೊದಲು ಚಿತ್ರದಲ್ಲಿ ನೋಡುತ್ತೇನೆ. ಆದರೆ ಜಾಸ್ತಿ ಅಂಕ ಬಂತು ಎಂದು ಬಿಡುವ ಹಾಗಿಲ್ಲ. ಹರಿದ ಜಾಗದಲ್ಲೂ ಯಂತ್ರ ಖಾಲಿ ಬಿಡದೆ ಹೋಲುವ ಅಕ್ಷರ ಇಟ್ಟು ಮುಂದೆ ಹೋಗಿಬಿಡಬಹುದು. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಹಳೆಯ ಮುದ್ರಣದಲ್ಲಿ ಅರ್ಕಾವತ್ತು ಒಂಬತ್ತರ ಅಂಕಿಯ ಹಾಗೇ ಕಾಣುತ್ತದೆ. ಈ ಪುಟದಲ್ಲಿ "ಮಾಚ೯ನಲ್ಲಿ ಪರೀಕ್ಷೆ" ಎಂದಿದೆ. ನಿಮಗೆ ಬಂದ ಸಾರಾಂಶದಲ್ಲಿ ಪರೀಕ್ಷೆ ಮಾರ್ಚ್ 9ರಂದು ನಡೆದಿದೆ! ಅಲ್ಲಿ ತಾರೀಖೇ ಇಲ್ಲ, ಇರುವುದು ಮಾರ್ಚ್ ಎಂಬ ತಿಂಗಳು ಮಾತ್ರ.

ಪೂರ್ತಿ ನಕಲು ಮಾಡುವಾಗ ತೂತು ಕಣ್ಣಿಗೆ ಬೀಳುತ್ತದೆ. ಸಾರಾಂಶ ಮಾಡುವಾಗ ಬೀಳುವುದಿಲ್ಲ, ಕಷ್ಟ ಇರುವುದು ಇಲ್ಲೇ. ಹತ್ತು ಸಾಲನ್ನು ಎರಡು ಸಾಲಿಗೆ ಇಳಿಸಿದಾಗ ನಮ್ಮದೇ ವಾಕ್ಯ ಸರಾಗವಾಗಿ ಓಡಿ, ಓದಲಾಗದ ಜಾಗವನ್ನು ದಾಟಿಬಿಡುತ್ತದೆ. ಹಾಗೆಂದು ಎಲ್ಲ ತೂತನ್ನೂ ಹೊತ್ತು ತರುವ ಅಗತ್ಯವಿಲ್ಲ. ಅಧ್ಯಕ್ಷರ ಭಾಷಣ "▢▢▢ವಾಗಿತ್ತು" ಎಂದಿದ್ದರೆ ಆ ಹೊಗಳಿಕೆ ಸಾರಾಂಶಕ್ಕೆ ಬೇಕಿಲ್ಲ, ಬಿಟ್ಟೆ. ಆದರೆ ಈ ಸಾಲು ನೋಡಿ: "ಸರಕಾರದ ಗ್ರ್ಯಾಂಟು ಈ ವರ್ಷ ಬಂದಿ". ಅಲ್ಲಿಗೆ ಪುಟದ ಅಂಚು ಹೊಲಿಗೆಯೊಳಗೆ ಹೋಗಿದೆ. ಕನ್ನಡದಲ್ಲಿ ಹೌದು-ಅಲ್ಲ ಎರಡೂ ವಾಕ್ಯದ ಬಾಲದಲ್ಲೇ ಇರುತ್ತವೆ. ಅದು ಬಂದಿದೆ ಆಗಬಹುದು, ಬಂದಿಲ್ಲ ಆಗಬಹುದು. ಒಂದೆರಡು ಅಕ್ಷರ ಹೋದರೆ ಅರ್ಥವೇ ತಿರುಗಿಬೀಳುತ್ತದೆ.

ಲೆಕ್ಕದ ಪುಟದಿಂದ ತಿಳಿಯಬಹುದೇ ಎಂದು ನೋಡಿದೆ. ಜಮಾ ಬದಿಯಲ್ಲಿ ನಾಲ್ಕು ಬಾಬುಗಳಿವೆ. ಹಿಂದಿನ ಶಿಲ್ಲಕ 38 ರೂಪಾಯಿ 6 ಆಣೆ, ವರ್ಗಣಿ 212 ರೂಪಾಯಿ 8 ಆಣೆ. ಶಿಲ್ಲಕ ಎಂದರೆ ಉಳಿಕೆ, ವರ್ಗಣಿ ಎಂದರೆ ವಂತಿಗೆ. ಉಳಿದ ಎರಡು ಸಾಲು ನೀರು ಬಿದ್ದು ಹೋಗಿವೆ, ಹೆಸರೂ ಇಲ್ಲ, ಮೊತ್ತವೂ ಇಲ್ಲ. ಒಟ್ಟು 391 ರೂಪಾಯಿ 2 ಆಣೆ ಎಂದು ಸ್ಪಷ್ಟವಾಗಿದೆ. ಎದುರಿನ ಖರ್ಚಿನ ಬದಿಯ ಒಟ್ಟೂ ಅದೇ, ಹಾಗಾಗಿ ಈ ಅಂಕಿಯನ್ನು ನಂಬಬಹುದು. ರೂಪಾಯಿಗೆ 16 ಆಣೆ. ಓದಬಹುದಾದ ಎರಡು ಬಾಬು ಸೇರಿ 250 ರೂಪಾಯಿ 14 ಆಣೆ ಆಗುತ್ತದೆ. ಒಟ್ಟಿನಲ್ಲಿ ಅದನ್ನು ಕಳೆದರೆ ಉಳಿಯುವುದು 140 ರೂಪಾಯಿ 4 ಆಣೆ. ಹೋದ ಎರಡು ಸಾಲುಗಳ ಕೂಡಿದ ಮೊತ್ತ ಇಷ್ಟು. ಇದು ಲೆಕ್ಕದಿಂದ ಬಂದದ್ದು, ಪುಟದಲ್ಲಿ ಓದಿದ್ದಲ್ಲ ಎಂದು ಹೇಳಿಯೇ ಸಾರಾಂಶದಲ್ಲಿ ಹಾಕಿದೆ. ಒಂದೇ ಸಾಲು ಹೋಗಿದ್ದರೆ ಅದರ ಮೊತ್ತ ಸಿಗುತ್ತಿತ್ತು. ಎರಡು ಹೋದಾಗ ಯಾವುದಕ್ಕೆ ಎಷ್ಟು ಎಂದು ಹಂಚಲು ದಾರಿಯಿಲ್ಲ. ಅದರಲ್ಲಿ ಗ್ರ್ಯಾಂಟು ಇತ್ತೇ, ಎರಡೂ ಬೇರೆ ದೇಣಿಗೆಗಳೇ ಎಂದೂ ಹೇಳಲಾಗದು. ಹಾಗಾಗಿ ಕೊನೆಗೆ ಉಳಿದ ಸಾಲು: "ಸರಕಾರದ ಗ್ರ್ಯಾಂಟಿನ ಪ್ರಸ್ತಾಪ ಇದೆ, ಬಂತೋ ಇಲ್ಲವೋ ಈ ಪ್ರತಿಯಿಂದ ತಿಳಿಯುವುದಿಲ್ಲ."

ಈಗ ನಿಮ್ಮ ಅಜ್ಜನ ವಿಷಯ. ಪುಟ 7ರಲ್ಲಿ ಪಾಸಾದವರ ಪಟ್ಟಿ ಇದೆ. ಮೂರನೇ ಹೆಸರಿನಲ್ಲಿ ಖಚಿತವಾಗಿ ಕಾಣುವುದು "ನಾ" ಒಂದೇ. ಆಮೇಲೆ ಹುಳ ತಿಂದ ಜಾಗ, ಸುಮಾರು ಮೂರು ಅಕ್ಷರದಷ್ಟು ಅಗಲ. ನಾರಾಯಣ ಎಂದು ಬರೆದವರು ಅಗಲ ನೋಡಿ ತುಂಬಿದ್ದಾರೆ ಎಂದು ಕಾಣುತ್ತದೆ. ಅಗಲ ಹೊಂದುತ್ತದೆ, ಅದು ನಿಜ. ಆದರೆ ಬೂದು ಛಾಯೆಯ ಸ್ಕ್ಯಾನಿನಲ್ಲಿ ತೂತಿನ ಕೆಳ ಅಂಚಿನಲ್ಲಿ, ಸಾಲಿನಿಂದ ಕೆಳಗೆ ಒಂದು ಸಣ್ಣ ಬಾಗಿದ ಗೆರೆ ಉಳಿದಿದೆ. ಒತ್ತಕ್ಷರ ಇರುವ ಎತ್ತರದಲ್ಲೇ ಇದೆ. ನಾರಾಯಣ ಎಂಬ ಹೆಸರಿಗೆ ಒತ್ತಿಲ್ಲ. ನಾಗಪ್ಪ, ನಾಗಣ್ಣ ಇಂಥ ಹೆಸರಿಗೆ ಇದೆ. ಹಾಗೆಂದು ಇದು ನಾಗಪ್ಪ ಎಂದೂ ನಾನು ಬರೆಯಲಾರೆ. ಆ ಗೆರೆ ಮಸಿಯದೋ, ಹುಳ ಕೊರೆದ ಅಂಚಿನ ನೆರಳೋ ಎಂದು ಚಿತ್ರದಲ್ಲಿ ತಿಳಿಯುತ್ತಿಲ್ಲ. ಶಾಸನ ಓದುವವರು ಅಳಿದ ಅಕ್ಷರದ ಜಾಗದಲ್ಲಿ ಚುಕ್ಕಿ ಇಟ್ಟು ಬಿಡುತ್ತಾರಲ್ಲ, ನಾನೂ ಹಾಗೇ ಬಿಟ್ಟೆ: "ನಾ▢▢▢, ಸುಮಾರು ಮೂರು ಅಕ್ಷರ ಹೋಗಿದೆ, ಕೆಳಗೆ ಒತ್ತಿನಂಥ ಗುರುತು ಇದೆ, ಖಚಿತವಲ್ಲ."

ಇದನ್ನು ನಿಮಗೆ ಬರೆಯುವಾಗ ನನಗೂ ಸಂಕಟವಾಯಿತು. ನಿಮ್ಮ ಅಜ್ಜ ಆ ಶಾಲೆಗೆ ಹೋಗಿಲ್ಲ ಎಂದು ನಾನು ಹೇಳುತ್ತಿಲ್ಲ. ಈ ಸಾಲು ಅದನ್ನು ಹೇಳುವುದಿಲ್ಲ ಎಂದಷ್ಟೇ. ಪಟ್ಟಿಯ ಉಳಿದ ಹೆಸರುಗಳು ಪೂರ್ತಿ ಓದಬಹುದು, ಅವುಗಳಲ್ಲಿ ನಾರಾಯಣ ಇಲ್ಲ. ಆದರೆ ಇದು ಆ ವರ್ಷ ಪಾಸಾದವರ ಪಟ್ಟಿ ಮಾತ್ರ, ಕಲಿತವರೆಲ್ಲರ ಪಟ್ಟಿಯಲ್ಲ.

ವರದಿ ಅಚ್ಚಾದದ್ದು, ಕೈಬರಹವಲ್ಲ. ಹಾಗಾಗಿ ಇನ್ನೊಂದು ಪ್ರತಿ ಎಲ್ಲೋ ಇರಬಹುದು, ಹುಳ ಎರಡು ಪ್ರತಿಯಲ್ಲೂ ಒಂದೇ ಜಾಗ ತಿನ್ನುವುದಿಲ್ಲ. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲೂ ಒಮ್ಮೆ ಹುಡುಕಿ. ಶಾಲೆಯ ಸರ್ಟಿಫಿಕೇಟ್ ಸಿಕ್ಕರೆ ಫೋಟೋ ಕಳಿಸಿ, ಹಿಂಬದಿಯದೂ ಸೇರಿಸಿ. ಅದರಲ್ಲಿ ಅಜ್ಜನ ಹೆಸರು, 1944 ಎರಡೂ ಇದ್ದರೆ ಸಾರಾಂಶದ ಟಿಪ್ಪಣಿಯಲ್ಲಿ ಅದನ್ನು ಸಂತೋಷದಿಂದ ಸೇರಿಸುತ್ತೇನೆ. ಪುಟ 7ರ ಮೂರು ಚೌಕಗಳನ್ನು ಮಾತ್ರ ಆಗಲೂ ಹಾಗೇ ಇಡುತ್ತೇನೆ.