ಬಾಯಿಮಾತಿನಲ್ಲಿ ಸೇವೆ ಮುಂದುವರಿಯುವುದಿಲ್ಲ

ಪ್ರಶ್ನೆ: ಈ ಕಂಪನಿಯಲ್ಲಿ 3 ವರ್ಷ 8 ತಿಂಗಳಿಂದ ಕಾಯಂ ನೌಕರನಾಗಿದ್ದೇನೆ. ಈಗ ಇದೇ ಗ್ರೂಪಿನ ಇನ್ನೊಂದು ಕಂಪನಿಗೆ ಹೋಗಲು ಹೇಳುತ್ತಿದ್ದಾರೆ. ರಾಜೀನಾಮೆ ಬರೆದುಕೊಡಿ, ಹೊಸ ನೇಮಕಾತಿ ಪತ್ರ ಕೊಡುತ್ತೇವೆ, ಪಿಎಫ್ ಹೇಗೂ ಮುಂದುವರಿಯುತ್ತದೆ ಎನ್ನುತ್ತಾರೆ. ಒಪ್ಪಬಹುದೇ?

ಹೋಗಲು ಅಡ್ಡಿಯಿಲ್ಲ, ಆದರೆ ಬರೀ ರಾಜೀನಾಮೆ ಬರೆದುಕೊಟ್ಟು ಹೋಗಬೇಡಿ. ವೇತನ ಮತ್ತು ಸಿಬ್ಬಂದಿ ವಿಭಾಗದಲ್ಲಿ ಕೆಲಸ ಮಾಡುವ ನಾನು ಇಂಥ ಕಡತಗಳನ್ನು ಬಹಳ ನೋಡಿದ್ದೇನೆ. ಮಾಲೀಕರು ಒಬ್ಬರೇ ಆಗಿದ್ದರೂ ಕಾನೂನಿನ ಕಣ್ಣಿಗೆ ಎರಡು ಕಂಪನಿಗಳೆಂದರೆ ಇಬ್ಬರು ಉದ್ಯೋಗದಾತರು.

ಪೆಟ್ಟು ಬೀಳುವುದು ಗ್ರಾಚ್ಯುಟಿಗೆ. ಕಾಯಂ ನೌಕರ ಕೆಲಸ ಬಿಟ್ಟಾಗ ಅದು ಸಿಗಬೇಕಾದರೆ ಸಾಮಾನ್ಯವಾಗಿ 5 ವರ್ಷಗಳ ನಿರಂತರ ಸೇವೆ ಬೇಕು. ನೀವು ಹೊಸ ಕಂಪನಿಯಲ್ಲಿ 4 ವರ್ಷ 2 ತಿಂಗಳು ದುಡಿದು ಹೊರಬಂದಿರಿ ಎನ್ನೋಣ. ಸೇವೆ ತುಂಡಾಗಿದ್ದರೆ ಎರಡೂ ಕಡೆ 5 ವರ್ಷ ತುಂಬಿಲ್ಲ, ಕೈಗೆ ಏನೂ ಬರುವುದಿಲ್ಲ. ಒಟ್ಟುಗೂಡಿದ್ದರೆ 7 ವರ್ಷ 10 ತಿಂಗಳು. ಆರು ತಿಂಗಳು ಮೀರಿದ್ದರಿಂದ ಲೆಕ್ಕಕ್ಕೆ 8 ವರ್ಷ. ಗ್ರಾಚ್ಯುಟಿಗೆ ಹಿಡಿಯುವ ಕೊನೆಯ ತಿಂಗಳ ವೇತನ 39,000 ರೂಪಾಯಿ ಇದ್ದರೆ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದಾಗ ವರ್ಷಕ್ಕೆ 22,500. ಎಂಟು ವರ್ಷಕ್ಕೆ 1,80,000 ರೂಪಾಯಿ. ಒಂದು ಪತ್ರದ ಒಕ್ಕಣೆಯ ಮೇಲೆ ನಿಂತಿರುವ ಹಣ ಇದು.

ಪಿಎಫ್ ಮಾತನ್ನು ಇಲ್ಲಿಗೆ ಎಳೆದು ತರುವುದು ನನಗೆ ಸಿಟ್ಟು ತರಿಸುವ ಸಮಾಧಾನ. ಪರಸ್ಪರ ಸಂಬಂಧವೇ ಇಲ್ಲದ ಕಂಪನಿಗಳ ನಡುವೆಯೂ ಯುಎಎನ್ ಎಂಬ ಪಿಎಫ್ ಸಂಖ್ಯೆ ಅದೇ ಇರುತ್ತದೆ, ಹಣ ವರ್ಗವಾಗುತ್ತದೆ. ಅದರಿಂದ ಗ್ರಾಚ್ಯುಟಿಯ ಸೇವೆ ಮುಂದುವರಿದಿದೆ ಎಂದು ಸಾಧಿಸಲಾಗದು. ಹೊಸ ಸದಸ್ಯ ಸಂಖ್ಯೆಗೆ ಹಳೆಯ ಖಾತೆಯನ್ನು ವರ್ಗಾಯಿಸಿಕೊಳ್ಳಿ, ಹಣ ಹಿಂಪಡೆಯಬೇಡಿ. ಅಲ್ಲಿಗೆ ಆ ವಿಷಯ ಮುಗಿಯಿತು.

ಕೇಳಬೇಕಾದದ್ದು ಎರಡೂ ಕಂಪನಿಗಳು ಮತ್ತು ನೀವು ಸಹಿ ಮಾಡುವ ವರ್ಗಾವಣೆ ಪತ್ರ. ಅದರಲ್ಲಿ ನಿಮ್ಮ ಮೂಲ ಸೇರ್ಪಡೆ ದಿನಾಂಕ ಇರಬೇಕು. ಆ ದಿನದಿಂದಲೇ ಗ್ರಾಚ್ಯುಟಿಗೆ ಸೇವೆ ನಿರಂತರ, ಹಿಂದಿನ ಅವಧಿಯ ಹೊಣೆಯೂ ಹೊಸ ಕಂಪನಿಯದೇ ಎಂಬ ವಾಕ್ಯ ಸ್ಪಷ್ಟವಾಗಿರಬೇಕು. ಉಳಿದ ಗಳಿಕೆ ರಜೆ ಎಷ್ಟು ದಿನ, ಅದು ಮುಂದಕ್ಕೆ ಹೋಗುತ್ತದೆಯೋ ನಗದಾಗುತ್ತದೆಯೋ ಎಂಬುದೂ ಬರಲಿ. ಹೊಸದಾಗಿ ಪರೀಕ್ಷಾರ್ಥ ಅವಧಿ ಹಾಕಿದ್ದರೆ ತೆಗೆಸಿ. ತಂತ್ರಾಂಶದಲ್ಲಿ ರಾಜೀನಾಮೆ ಇಲ್ಲದೆ ಹೆಸರು ತೆಗೆಯಲಾಗದು ಎಂದರೆ, ‘ಗ್ರೂಪಿನೊಳಗಿನ ವರ್ಗಾವಣೆಗಾಗಿ ಮಾತ್ರ, ಸೇವೆಯ ನಿರಂತರತೆಗೆ ಒಳಪಟ್ಟು’ ಎಂದು ಬರೆದು ಪ್ರತಿ ಇಟ್ಟುಕೊಳ್ಳಿ.

ಕೊಡುವುದಿಲ್ಲ ಎಂದರೆ? ನೌಕರನ ಒಪ್ಪಿಗೆಯಿಲ್ಲದೆ ಅವನನ್ನು ಬೇರೆ ಉದ್ಯೋಗದಾತರಿಗೆ ವರ್ಗಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ, ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಹೇಳಿದೆ. ಆದರೆ ಮೊದಲು ನಿಮ್ಮ ಹಳೆಯ ನೇಮಕಾತಿ ಪತ್ರವನ್ನು ತೆಗೆದು ನೋಡಿ: ಗ್ರೂಪಿನ ಯಾವ ಕಂಪನಿಗಾದರೂ ಕಳಿಸಬಹುದು ಎಂಬ ಷರತ್ತಿಗೆ ನೀವು ಆಗಲೇ ಸಹಿ ಹಾಕಿರಬಹುದು. ಹಾಗಿದ್ದರೆ ಆ ಷರತ್ತನ್ನೇ ತೋರಿಸಿ, ಇದು ವರ್ಗಾವಣೆಯಾದ ಮೇಲೆ ರಾಜೀನಾಮೆ ಏಕೆ ಎಂದು ಇಮೇಲ್‌ನಲ್ಲಿ ಕೇಳಿ.